ಖಾಲಿ ಬಿಡದ ನಂಬರು

ಇಪ್ಪತ್ತಾರನೇ ವಯಸ್ಸಿನಲ್ಲಿ ನಾನು ಒಂದು ಸರ್ಕಾರಿ ಆಫೀಸನ್ನು ಸರಿ ಮಾಡಕ್ಕೆ ಹೊರಟಿದ್ದೆ. ಯಾರೂ ಹೇಳಿರಲಿಲ್ಲ, ನಾನಾಗೇ ಹೊರಟಿದ್ದು. ಈಗ ನೆನೆಸಿಕೊಂಡರೆ ನಗುನೂ ಬರುತ್ತೆ, ನಾಚಿಕೆನೂ ಆಗುತ್ತೆ. ನಾಚಿಕೆಯೇ ಜಾಸ್ತಿ.

ಆಫೀಸು ಇದ್ದದ್ದು ರಾಜಾಜಿನಗರದಲ್ಲಿ. ಯಾವ ಇಲಾಖೆ ಅಂತ ಹೇಳಲ್ಲ. ಎಲ್ಲ ಇಲಾಖೆಯಲ್ಲೂ ಅದೇ ಗೋಡೆ, ಅದೇ ಸುಣ್ಣ, ಅದೇ ಕುಂಟು ಸ್ಟೂಲು. ನಾನು ಅಲ್ಲಿ ದ್ವಿತೀಯ ದರ್ಜೆ ಗುಮಾಸ್ತೆ. ನನ್ನ ಕೆಲಸ ಟಪಾಲು. ಅಂದರೆ ಆಫೀಸಿಗೆ ಬರೋ ಒಂದೊಂದು ಕಾಗದವನ್ನೂ ತೆಗೆದುಕೊಂಡು, ಸೀಲು ಒತ್ತಿ, ಇನ್‌ವರ್ಡ್ ರಿಜಿಸ್ಟರಿನಲ್ಲಿ ನಂಬರು ಕೊಟ್ಟು, ಯಾವ ಟೇಬಲ್ಲಿಗೆ ಸೇರಬೇಕೋ ಅಲ್ಲಿಗೆ ಕಳಿಸೋದು. ಬೆಳಿಗ್ಗೆ ಆರ್‌ಪಿಸಿ ಲೇಔಟಿನ ಮನೆಯಿಂದ ಬಸ್ಸು ಹಿಡಿದು ಹೋಗ್ತಿದ್ದೆ, ಸಂಜೆ ಅದೇ ಬಸ್ಸಿನಲ್ಲಿ ನಿಂತುಕೊಂಡು ವಾಪಸ್ಸು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ನೋಟ್ಸು. ಅಂಚೆ ಮೂಲಕ ಎಂಎ ಕಟ್ಟಿದ್ದೆ. ವಿಷಯ ಸಾರ್ವಜನಿಕ ಆಡಳಿತ.

ಆ ನೋಟ್ಸಿನಲ್ಲಿ ಒಂದು ಪಾಠ ನನ್ನ ತಲೆ ಕೆಡಿಸಿಬಿಟ್ಟಿತು. ನೂರಾರು ವರ್ಷದ ಆಡಳಿತಗಳನ್ನೆಲ್ಲಾ ಓದಿ ಜರ್ಮನಿಯ ಒಬ್ಬ ಪಂಡಿತ ಕಚೇರಿ ಅಂದರೆ ಏನು ಅಂತ ಬಿಡಿಸಿಟ್ಟಿದ್ದ. ಒಬ್ಬೊಬ್ಬರಿಗೂ ಗೊತ್ತುಮಾಡಿದ ಕೆಲಸ, ಅದರ ಗಡಿ. ಮೇಲಿನವರು ಕೆಳಗಿನವರು ಅನ್ನೋ ಮೆಟ್ಟಿಲು. ಬರೆದಿಟ್ಟ ನಿಯಮ. ನಡೆದದ್ದೆಲ್ಲಾ ಕಾಗದದ ಮೇಲೆ. ಬಂದವನು ನೆಂಟನೋ ಶತ್ರುವೋ ನೋಡದೆ ಎಲ್ಲರಿಗೂ ಒಂದೇ ಅಳತೆ. ಕೆಲಸ ಸಿಗೋದು ಅರ್ಹತೆಯಿಂದ, ಮೇಲೇರೋದು ಸೇವೆಯಿಂದ. ಕುರ್ಚಿಯೂ ಕಡತವೂ ಕೂತವನ ಸ್ವಂತ ಆಸ್ತಿ ಅಲ್ಲ. ಇದು ನೌಕರಶಾಹಿಯ ಆದರ್ಶ ಮಾದರಿ ಅಂತ ನೋಟ್ಸಿನಲ್ಲಿತ್ತು. ನಾನು ತಲೆ ಎತ್ತಿ ನಮ್ಮ ಆಫೀಸು ನೋಡಿದೆ. ಒಬ್ಬರು ಕುರ್ಚಿಗೆ ಕೋಟು ಹಾಕಿ ಕಾಫಿಗೆ ಹೋಗಿದ್ದರು, ಇನ್ನೊಬ್ಬರು ಬೀರುವಿನ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡು ಮದುವೆಗೆ ಹೋಗಿದ್ದರು. ನನಗೆ ಮೈಯೆಲ್ಲಾ ಉರಿದುಹೋಯಿತು.

ನನ್ನ ಕೈಯಲ್ಲಿದ್ದದ್ದು ಟಪಾಲು ಒಂದೇ. ಸರಿ, ಅಲ್ಲಿಂದಲೇ ಶುರು ಮಾಡಿದೆ.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ನನಗಿಂತ ಮುಂಚೆ ಟಪಾಲಿನಲ್ಲಿ ಕೂತಿದ್ದವರು ದಿನದ ಕೊನೆಗೆ ಇನ್‌ವರ್ಡ್ ರಿಜಿಸ್ಟರಿನಲ್ಲಿ ಎರಡು ಮೂರು ನಂಬರು ಖಾಲಿ ಬಿಡ್ತಿದ್ದರು. ನಂಬರು ಇರುತ್ತೆ, ಎದುರಿಗೆ ಏನೂ ಬರೆದಿರಲ್ಲ. ಯಾವುದಾದರೂ ಕಾಗದ ಹಿಂದಿನ ತಾರೀಖಿಗೆ ಬಂದ ಹಾಗೆ ತೋರಿಸಬೇಕಾದರೆ ಆ ಖಾಲಿ ಜಾಗದಲ್ಲಿ ಅದನ್ನ ಕೂರಿಸೋದು. ನಮ್ಮ ಆಫೀಸಿನ ದೊಡ್ಡ ಸಾಹೇಬರ ಕಡೆಯ ಕಂಟ್ರಾಕ್ಟರು ತಡವಾಗಿ ಬಂದರೂ ತಡ ಆಗ್ತಿರಲಿಲ್ಲ. ನಾನು ಟಪಾಲಿಗೆ ಬಂದ ಎರಡನೇ ವಾರವೇ ಅದನ್ನ ನಿಲ್ಲಿಸಿದೆ. ಸಂಜೆ ಐದೂವರೆಗೆ ಕೊನೇ ನಂಬರಿನ ಕೆಳಗೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದು, ತಾರೀಖು ಹಾಕಿ ಸಹಿ ಮಾಡಿಬಿಡ್ತಿದ್ದೆ. ಸೂಪರಿಂಟೆಂಡೆಂಟ್ ಸಾರು ಕನ್ನಡಕದ ಮೇಲಿಂದ ನೋಡಿದರು.

"ಏನಮ್ಮಾ ಇದು, ಗೆರೆ ಗಿರೆ?"

"ರೂಲ್ಸ್ ಪ್ರಕಾರ ಖಾಲಿ ಬಿಡೋ ಹಾಗಿಲ್ಲ ಸಾರ್."

"ರೂಲ್ಸು ನನಗೂ ಗೊತ್ತು. ಆದ್ರೂ ಒಂದೆರಡು ಇರ್ಲಿ. ಯಾವತ್ತು ಯಾರಿಗೆ ಬೇಕಾಗುತ್ತೋ."

ನಾನು ಇರಿಸಲಿಲ್ಲ. ಕಂಡವರಿಗೆಲ್ಲಾ ಆ ಪಂಡಿತನ ಮಾತು ಹೇಳ್ತಿದ್ದೆ, ಆವತ್ತಿಂದ ನನಗೆ ಜರ್ಮನ್ ಮೇಡಂ ಅಂತ ಹೆಸರು ಬಿತ್ತು. ನನಗೆ ಬೇಜಾರಾಗಲಿಲ್ಲ, ಒಳಗೊಳಗೇ ಬೀಗಿದೆ.

ಆ ವರ್ಷ ಶ್ರಾವಣದಲ್ಲಿ ನಮ್ಮ ಆಫೀಸಿನ ಜವಾನರೊಬ್ಬರು ತೀರಿಕೊಂಡರು. ಒಳ್ಳೇ ಮನುಷ್ಯ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಡತಕ್ಕೆ ದಬ್ಬಣದಿಂದ ತೂತು ಹಾಕಿ ದಾರ ಪೋಣಿಸೋದು ಹೇಗೆ ಅಂತ ತೋರಿಸಿಕೊಟ್ಟವರು ಅವರೇ. ಎದೆನೋವು ಅಂತ ಮಧ್ಯಾಹ್ನ ಮನೆಗೆ ಹೋದವರು ತಿರುಗಿ ಬರಲಿಲ್ಲ. ಮೂಡಲಪಾಳ್ಯದಲ್ಲಿ ಮನೆ, ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ಏಳನೇ ಕ್ಲಾಸು ಪಾಸು, ಮನೆಯಲ್ಲಿ ಊದುಬತ್ತಿ ಹೊಸೀತಿದ್ದರು.

ಸೇವೆಯಲ್ಲಿರೋವಾಗ ನೌಕರ ಸತ್ತರೆ ಅವನ ಮನೆಯವರೊಬ್ಬರಿಗೆ ಅನುಕಂಪದ ಮೇಲೆ ಕೆಲಸ ಕೊಡೋ ನಿಯಮ ಇದೆ. ಒಂದೇ ಕಟ್ಟು. ಸತ್ತ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಬರಬೇಕು. ವರ್ಷ ದಾಟಿದರೆ ಮುಗೀತು.

ಎರಡು ತಿಂಗಳು ಕಳೆದ ಮೇಲೆ ಆ ಹೆಂಗಸು ನನ್ನ ಕೌಂಟರಿಗೆ ಬಂದರು. ಬೆರಳುಗಳೆಲ್ಲಾ ಊದುಬತ್ತಿ ಮಸಾಲೆಯಿಂದ ಕಪ್ಪಾಗಿದ್ದವು, ಅರ್ಜಿಯ ಅಂಚಿಗೂ ಕಪ್ಪು ಹತ್ತಿತ್ತು. ನಾನು ಕಾಗದ ತಿರುವಿ ನೋಡಿದೆ. ಮರಣ ಪ್ರಮಾಣಪತ್ರ ಇತ್ತು. ಬದುಕಿರೋ ಕುಟುಂಬದವರ ಸರ್ಟಿಫಿಕೇಟು ಇರಲಿಲ್ಲ.

ನಿಜ ಹೇಳ್ತೀನಿ, ಆವತ್ತು ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ. ಇವರು ಗೊತ್ತಿದ್ದವರ ಹೆಂಡತಿ. ಗೊತ್ತಿದ್ದವರು ಅಂತ ನಾನು ಸಡಿಲ ಬಿಟ್ಟರೆ ಆ ಕೋಟು ನೇತುಹಾಕೋರಿಗೂ ನನಗೂ ಏನು ವ್ಯತ್ಯಾಸ? ಮುಖ ನೋಡಬಾರದು. ಕಾಗದ ನೋಡಬೇಕು.

"ಅಮ್ಮಾ, ಇದು ಪೂರ್ತಿ ಇಲ್ಲ. ತಾಲ್ಲೂಕು ಆಫೀಸಿಂದ ಸರ್ಟಿಫಿಕೇಟ್ ತಗೊಂಡು ಬನ್ನಿ, ಆಮೇಲೆ ತಗೋತೀನಿ" ಅಂದೆ.

"ಅದು ಬರಕ್ಕೆ ತಿಂಗಳುಗಟ್ಟಲೆ ಆಗುತ್ತಂತೆ ಮೇಡಂ. ಇದನ್ನ ಇಟ್ಕೊಂಡಿರಿ, ಅದನ್ನ ಆಮೇಲೆ ಕೊಡ್ತೀನಿ."

"ಹಾಗೆ ತಗೊಳಕ್ಕೆ ಬರಲ್ಲಮ್ಮ."

ಅವರು ಅರ್ಜಿ ಮಡಚಿಕೊಂಡು ಒಳಗೆ ಹೋದರು.

ಒಳಗೆ ಇದ್ದವರು ಯಜಮಾನ್ರು. ಆಫೀಸಿನ ಹಿರಿಯ ಗುಮಾಸ್ತರು, ಸಿಬ್ಬಂದಿ ವಿಷಯದ ಕಡತಗಳೆಲ್ಲಾ ಅವರ ಟೇಬಲ್ಲಿನದೇ. ಎಲ್ಲರೂ ಅವರನ್ನ ಹಾಗೇ ಕರೀತಿದ್ದರು. ಬಾಯಿ ತುಂಬಾ ಎಲೆ ಅಡಿಕೆ, ಮನಸ್ಸು ಬೆಣ್ಣೆ. "ಬಾಮ್ಮಾ, ಕೂತ್ಕೋ. ಅವಳು ಹಾಗೇನೇ ಕಣಮ್ಮ, ಪುಸ್ತಕ ಓದವ್ಳೆ. ಕೊಡಿಲ್ಲಿ, ನಾನ್ ನೋಡ್ಕೊತೀನಿ" ಅಂದದ್ದು ನನಗೂ ಕೇಳಿಸಿತು. ಅರ್ಜಿ ತೆಗೆದುಕೊಂಡರು. ಎಡ ಮೂಲೆಯಲ್ಲಿ ತಮ್ಮ ಅಭ್ಯಾಸದ ಹಾಗೆ ನೀಲಿ ಪೆನ್ಸಿಲಿನಲ್ಲಿ ಚಿಕ್ಕ ಸಹಿ, ತಾರೀಖು. ಟಪಾಲಿಗೆ ಕಳಿಸಲಿಲ್ಲ.

ಇದಕ್ಕೆ ನಮ್ಮಲ್ಲಿ ಕೈಕಾಗದ ಅನ್ನೋರು. ಬೇಕಾದವರ ಕಾಗದವನ್ನ ನಂಬರಿಲ್ಲದೆ ನೇರ ಕೈಗೆ ತೆಗೆದುಕೊಳ್ಳೋದು. ಅದು ಲಂಚಕ್ಕೆ ಮಾಡೋ ಕೆಲಸ ಅಲ್ಲ, ಯಜಮಾನ್ರಂಥವರು ದಯೆಯಿಂದ ಮಾಡೋದು. ಯಾಕೆ ಅಂದರೆ ನಂಬರು ಬಿದ್ದ ಕಾಗದ ಆ ತಿಂಗಳ ಬಾಕಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತೆ. ಇಂಥ ಕಾಗದ ಬಂದು ಇಷ್ಟು ದಿನ ಆಯಿತು, ಯಾಕೆ ವಿಲೇವಾರಿ ಆಗಿಲ್ಲ ಅಂತ ಮೇಲಿಂದ ಕೇಳ್ತಾರೆ. ಆಗ ಗುಮಾಸ್ತ ಏನು ಮಾಡ್ತಾನೆ? ದಾಖಲೆ ಪೂರ್ತಿ ಇಲ್ಲ ಅಂತ ಒಂದು ಆಕ್ಷೇಪಣೆ ಬರೆದು ಕಾಗದ ವಾಪಸ್ಸು ಕಳಿಸಿ ಪಟ್ಟಿಯಿಂದ ಇಳಿಸಿಬಿಡ್ತಾನೆ. ಕೆಲಸ ಬೇಗ ಆಗಲಿ ಅಂತ ಮಾಡಿದ ಪಟ್ಟಿ, ಕಾಗದ ಓಡಿಸೋ ಪಟ್ಟಿ ಆಗಿಬಿಡುತ್ತೆ. ಯಜಮಾನ್ರಿಗೆ ಇದು ಗೊತ್ತಿತ್ತು. ಸರ್ಟಿಫಿಕೇಟು ಬರಲಿ, ಎಲ್ಲಾ ಒಟ್ಟಿಗೆ ಸೇರಿಸಿ ಒಂದೇ ದಿನ ನಂಬರು ಹಾಕಿಸಿ ಒಂದೇ ದಿನ ಸಾಹೇಬರ ಟೇಬಲ್ಲಿಗೆ ಕಳಿಸ್ತೀನಿ ಅಂತ ಅವರ ಲೆಕ್ಕಾಚಾರ.

ಸರ್ಟಿಫಿಕೇಟು ಬರೋ ಹೊತ್ತಿಗೆ ಚಳಿಗಾಲ ಕಳೆದಿತ್ತು. ಆಕೆ ತಂದು ಅವರ ಕೈಗೇ ಕೊಟ್ಟು ಹೋದರು. ಅದೇ ವಾರ ಯಜಮಾನ್ರಿಗೆ ತುಮಕೂರಿಗೆ ವರ್ಗ ಆಯಿತು. ಯಾರೋ ಮಂತ್ರಿ ಕಡೆಯವರಿಗೆ ಆ ಜಾಗ ಬೇಕಿತ್ತಂತೆ. ಎರಡೇ ದಿನದಲ್ಲಿ ಚಾರ್ಜು ಕೊಟ್ಟು ಹೊರಡಬೇಕಾಯಿತು. ಚಾರ್ಜ್ ಪಟ್ಟಿಯಲ್ಲಿ ನಂಬರಿದ್ದ ಕಡತಗಳೆಲ್ಲಾ ಬಂದವು. ನಂಬರಿಲ್ಲದ ಅರ್ಜಿ ಎಲ್ಲಿಂದ ಬರಬೇಕು?

ಆಕೆ ಮತ್ತೆ ಬಂದಾಗ ಮುಂದಿನ ಶ್ರಾವಣ. ಗಂಡ ಸತ್ತು ಒಂದು ವರ್ಷದ ಮೇಲೆ ಹನ್ನೊಂದು ದಿನ ಆಗಿತ್ತು. ಯಜಮಾನ್ರು ನೋಡ್ಕೊತೀನಿ ಅಂದಿದ್ದಾರಲ್ಲ, ಪದೇ ಪದೇ ಬಂದು ತೊಂದರೆ ಕೊಡಬಾರದು ಅಂತ ಸುಮ್ಮನಿದ್ದರಂತೆ. ಹೊಸ ಗುಮಾಸ್ತ, ಆ ಮಂತ್ರಿ ಕಡೆಯವನೇ, ರಿಜಿಸ್ಟರು ನೋಡಿ "ನಿಮ್ಮದು ಯಾವ ಅರ್ಜಿನೂ ಬಂದಿಲ್ಲ. ಟೈಮೂ ಮುಗಿದೋಗಿದೆ" ಅಂದ. ಅವನು ಸುಳ್ಳು ಹೇಳಲಿಲ್ಲ. ರಿಜಿಸ್ಟರಿನಲ್ಲಿ ಬಂದಿರಲೇ ಇಲ್ಲ.

ಆಕೆ ಅಳಲಿಲ್ಲ. ನನ್ನ ಕೌಂಟರಿನ ಹತ್ತಿರ ಬಂದು, "ನೀವಾದ್ರೂ ಹೇಳಿ ಮೇಡಂ. ನಾನು ಬಂದಿದ್ದೆ ಅಲ್ವಾ?" ಅಂತ ಕೇಳಿದರು.

"ಬಂದಿದ್ರಿ" ಅಂದೆ. "ನಾಳಿದ್ದು ಸೋಮವಾರ ಬನ್ನಿ."

ಭಾನುವಾರ ಯಜಮಾನ್ರು ಮನೆಯಲ್ಲಿರ್ತಾರೆ ಅಂತ ಗೊತ್ತಿತ್ತು. ಅವರ ಸಂಸಾರ ಇನ್ನೂ ಕೆಂಗೇರಿಯಲ್ಲೇ ಇತ್ತು. ಆದರೆ ಆ ಭಾನುವಾರ ಬೆಳಿಗ್ಗೆ ನನ್ನ ಎಂಎ ತರಗತಿ ಬೇರೆ. ತಿಂಗಳಿಗೊಮ್ಮೆ ಒಬ್ಬ ಮೇಷ್ಟ್ರು ಬಂದು ನಮ್ಮ ಅನುಮಾನಗಳಿಗೆ ಉತ್ತರ ಹೇಳ್ತಿದ್ದರು. ತಪ್ಪಿಸಿಕೊಳ್ಳೋಣ ಅಂದುಕೊಂಡವಳು ಏನೋ ಹಟ ಬಂದು ಹೋದೆ. ಎದ್ದು ನಿಂತು ಕೇಳಿಬಿಟ್ಟೆ. "ಸಾರ್, ಆದರ್ಶ ಮಾದರಿಯನ್ನ ಒಂದು ಆಫೀಸಿನಲ್ಲಿ ತರಬೇಕು ಅಂದ್ರೆ ಎಲ್ಲಿಂದ ಶುರು ಮಾಡ್ಬೇಕು?"

ಮೇಷ್ಟ್ರು ನಕ್ಕರು. "ತರೋದು ಅಂದ್ರೆ? ಅದು ತರೋ ವಸ್ತು ಅಲ್ಲಮ್ಮ. ದರ್ಜಿಯ ಟೇಪು ಇದ್ದ ಹಾಗೆ. ಟೇಪಿನ ಆಕಾರದ ಮನುಷ್ಯ ಎಲ್ಲಾದ್ರೂ ಇದ್ದಾನಾ? ಅಳೆಯಕ್ಕೆ ಬೇಕು, ಅಷ್ಟೆ. ಆಫೀಸು ಅದರಿಂದ ಎಷ್ಟು ದೂರ ಇದೆ, ಯಾಕೆ ದೂರ ಇದೆ ಅಂತ ಕೇಳಕ್ಕೆ. ಒಳ್ಳೇದು ಕೆಟ್ಟದ್ದು ಅಂತ ಆ ಜರ್ಮನ್ ಪಂಡಿತ ಹೇಳಲಿಲ್ಲ, ಇದರಿಂದ ಮನುಷ್ಯರು ಪಂಜರದೊಳಗೆ ಸಿಕ್ಕಿಬೀಳಬಹುದು ಅಂತ ಅವನಿಗೇ ಹೆದರಿಕೆ ಇತ್ತು." ಆಮೇಲೆ ಬೋರ್ಡಿನ ಮೇಲೆ ಬರೆಯುತ್ತಾ, ದೂರ ಆಗೋಕೆ ಲಂಚ, ಜಾತಿ, ಶಿಫಾರಸು ಮಾತ್ರ ಕಾರಣ ಅಲ್ಲ ಅಂದರು. ಆಫೀಸಿನೊಳಗೆ ಸ್ನೇಹ ಹುಟ್ಟುತ್ತೆ, ಬರೆದ ದಾರಿಗಿಂತ ಬರೆಯದ ದಾರಿಯಲ್ಲಿ ಕೆಲಸ ಬೇಗ ಸಾಗುತ್ತೆ. ಎದುರಿಗೆ ನಿಂತವರ ಜೀವನ ಯಾವ ನಿಯಮದೊಳಗೂ ಪೂರ್ತಿ ಹಿಡಿಸಲ್ಲ. ಇನ್ನು ಕೆಲವರು ನಿಯಮ ಯಾತಕ್ಕೆ ಅನ್ನೋದನ್ನೇ ಮರೆತು ನಿಯಮವನ್ನೇ ಪೂಜೆ ಮಾಡಕ್ಕೆ ಶುರು ಮಾಡ್ತಾರೆ. "ಅದೂ ದೂರ ಆಗೋದೇ" ಅಂದರು.

ನಾನು ಕೂತುಕೊಂಡೆ. ಟಪಾಲು ಗುಮಾಸ್ತೆಯ ಕೆಲಸದ ಗಡಿ ಏನು? ಬಂದದ್ದನ್ನ ತೆಗೆದುಕೊಳ್ಳೋದು, ನಂಬರು ಕೊಡೋದು. ಪೂರ್ತಿ ಇದೆಯೋ ಇಲ್ಲವೋ ಅಂತ ನೋಡೋದು ವಿಷಯದ ಗುಮಾಸ್ತರ ಕೆಲಸ. ಸರ್ಟಿಫಿಕೇಟು ಇಲ್ಲದಿದ್ದರೆ ಕಳಿಸಿ ಅಂತ ಕಾಗದ ಬರೆಯೋರು ಅವರು. ಅರ್ಜಿ ವಾಪಸ್ಸು ಮಾಡೋ ಅಧಿಕಾರ ನನಗೆ ಯಾರು ಕೊಟ್ಟಿದ್ದರು? ಆಫೀಸಿಗೆಲ್ಲಾ ನಿಯಮದ ಪಾಠ ಹೇಳಿದವಳು, ಮೊದಲನೇ ನಿಯಮ ನಾನೇ ಮುರಿದಿದ್ದೆ. ಬೆಂಚಿನ ಮೇಲೆ ಕೂತಲ್ಲೇ ಕೆನ್ನೆ ಬಿಸಿ ಆಯಿತು. ಅಂಥ ನಾಚಿಕೆ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ.

ಅಲ್ಲಿಂದ ನೇರ ಕೆಂಗೇರಿ ಬಸ್ಸು ಹತ್ತಿದೆ. ಯಜಮಾನ್ರು ಜಗಲಿ ಮೇಲೆ ಕೂತು ಪೇಪರ್ ಓದ್ತಿದ್ದರು. ವಿಷಯ ಹೇಳಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಅದು ನನ್ನ ಹಳೇ ಬೀರುವಿನ ಕೆಳಗಿನ ಖಾನೆಯಲ್ಲೇ ಐತಲ್ಲಮ್ಮ. ಕೆಂಪು ಬಟ್ಟೆ ಗಂಟು. ಮೇಲೆ ಸ್ವಂತ ಅಂತ ಚೀಟಿ ಅಂಟಿಸೀನಿ. ಹೊರಡೋ ಗಲಾಟೇಲಿ ಮರ್ತೇ ಹೋಯ್ತು."

"ಅದು ನಿಮ್ಮ ಕೈಗೆ ಯಾವತ್ತು ಬಂತು ಅಂತ ಒಂದು ಹೇಳಿಕೆ ಬರ್ದುಕೊಡ್ತೀರಾ?"

ಅವರು ಪೇಪರ್ ಮಡಚಿದರು. "ನಂಗೆ ಇನ್ನೊಂದೇ ವರ್ಷ ಸರ್ವೀಸು ಇರೋದು. ನಂಬರಿಲ್ಲದೆ ಯಾಕೆ ಇಟ್ಕೊಂಡೆ ಅಂತ ಕೇಳ್ತಾರೆ. ಏನು ಹೇಳ್ಲಿ? ದಯೆ ಬಂತು ಅಂತ ಹೇಳ್ಲಾ?"

ನಾನು ಬ್ಯಾಗಿನಿಂದ ನನ್ನ ನೋಟ್ ಪುಸ್ತಕ ತೆಗೆದು, ಅವರ ಜಗಲಿ ಮೇಲೇ ಕೂತು, ಮೊದಲು ನನ್ನ ಹೇಳಿಕೆ ಬರೆದೆ. ಇಂಥ ದಿನ ಅರ್ಜಿದಾರರು ಟಪಾಲು ಕೌಂಟರಿಗೆ ಬಂದು ಅರ್ಜಿ ಕೊಟ್ಟರು. ದಾಖಲೆ ಪೂರ್ತಿ ಇಲ್ಲವೆಂದು ನಾನು ತೆಗೆದುಕೊಳ್ಳಲಿಲ್ಲ. ಹಾಗೆ ನಿರಾಕರಿಸುವ ಅಧಿಕಾರ ನನಗೆ ಇರಲಿಲ್ಲ. ಅವರ ಕೈಗೆ ಕೊಟ್ಟೆ. ಎರಡು ಸಲ ಓದಿದರು. ಒಳಗಿಂದ ಅವರ ಮನೆಯವರು ಕಾಫಿ ತಂದಿಟ್ಟು ಹೋದರು. ಕಾಫಿ ಆರಿಹೋಯಿತು.

"ನೀನ್ಯಾಕೆ ಇದನ್ನ ಬರೀತೀಯ? ನಿನ್ನ ಪ್ರಮೋಷನ್ ಹತ್ರ ಬಂದೈತೆ ಅಲ್ವಾ?"

"ಬಂದಿದೆ."

"ಹುಚ್ಚಿ ಕಣೇ ನೀನು" ಅಂದರು. ಆಮೇಲೆ ನನ್ನ ಪೆನ್ನನ್ನೇ ಈಸಿಕೊಂಡು ಬರೆದುಕೊಟ್ಟರು.

ಸೋಮವಾರ ಹೊಸ ಗುಮಾಸ್ತನ ಎದುರಿಗೇ ಬೀರು ತೆಗೆಸಿದೆ. ಕೆಂಪು ಬಟ್ಟೆಯ ಗಂಟಿತ್ತು. ಅರ್ಜಿಯ ಅಂಚಿನಲ್ಲಿ ಆ ಕಪ್ಪು ಗುರುತು, ಎಡ ಮೂಲೆಯಲ್ಲಿ ನೀಲಿ ಪೆನ್ಸಿಲು, ತಾರೀಖು. ಎಲ್ಲಾ ತೆಗೆದುಕೊಂಡು ಸೂಪರಿಂಟೆಂಡೆಂಟ್ ಸಾರ್ ಹತ್ತಿರ ಹೋದೆ. ಅವರು ಕಾಗದ ಮಾತ್ರ ನೋಡಿದರು, ನಮ್ಮ ಹೇಳಿಕೆಗಳನ್ನ ಪಕ್ಕಕ್ಕೆ ಸರಿಸಿದರು.

"ನೀಲಿ ಪೆನ್ಸಿಲು ದಾಖಲೆ ಅಲ್ಲಮ್ಮ. ನಂಬರ್ ಬೇಕು. ಆ ತಾರೀಖಿಗೆ ಖಾಲಿ ಯಾವುದಿದೆ ನೋಡು, ಕೂರಿಸಿಬಿಡೋಣ. ಹೆಣ್ಣುಮಗಳ ಪಾಡು."

"ಖಾಲಿ ಇಲ್ಲ ಸಾರ್."

"ಒಂದೂ ಇಲ್ವಾ?"

"ಇಲ್ಲ ಸಾರ್. ದಿನಾ ಗೆರೆ ಎಳೆದಿದೀನಿ."

ಅವರು ಕುರ್ಚಿಗೆ ಒರಗಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ನೋಡಮ್ಮ" ಅಂದರು, "ನಿನಗಿಂತ ಮುಂಚೆ ಇದ್ದೋನು ಕಳ್ಳ. ಅವನು ಆ ಜಾಗದಲ್ಲಿ ಇದ್ದಿದ್ದರೆ ಇವತ್ತು ಆ ಹೆಂಗಸಿಗೆ ಕೆಲಸ ಸಿಗ್ತಿತ್ತು. ನಿನ್ನ ಪ್ರಾಮಾಣಿಕತೆ ಅವಳಿಗೆ ಏನು ಮಾಡ್ತು?"

ಆ ಖಾಲಿ ನಂಬರುಗಳಿಂದ ಎಷ್ಟು ಕಂಟ್ರಾಕ್ಟರು ದುಡ್ಡು ಹೊಡೆದರೋ, ಎಷ್ಟು ವಿಧವೆಯರು ಬದುಕಿಕೊಂಡರೋ, ಯಾರು ತೂಗಿ ನೋಡಿದ್ದಾರೆ? ಖಾಲಿ ಬಿಡೋನಿಗೆ ಇಬ್ಬರೂ ಒಂದೇ. ಆ ಮಟ್ಟಿಗೆ ಅವನೂ ಮುಖ ನೋಡ್ತಿರಲಿಲ್ಲ ಅಂತ ಹೇಳಬೇಕೇನೋ.

"ಆವತ್ತಿನ ಕೊನೇ ನಂಬರಿಗೆ ಬಾರ್ ಎ ಅಂತ ಹಾಕು" ಅಂದರು ಸಾರು. ಎರಡು ನಂಬರುಗಳ ಮಧ್ಯೆ ಹೊಸ ಕಾಗದ ತುರುಕೋ ಹಳೇ ಉಪಾಯ ಅದು. "ಗೆರೆ ಮೇಲೆ ಚಿಕ್ಕದಾಗಿ ಬರಿ. ಯಾರು ನೋಡ್ತಾರೆ?"

"ಹೆಡ್ ಆಫೀಸಿನಲ್ಲಿ ನೋಡ್ತಾರೆ ಸಾರ್. ಅನುಕಂಪದ ಕೇಸಿನಲ್ಲಿ ರಿಜಿಸ್ಟರ್ ತರಿಸ್ಕೋತಾರೆ. ಕೆಂಪು ಗೆರೆ ಮೇಲೆ ಬರೆದಿದ್ದು ಕುರುಡನಿಗೂ ಕಾಣುತ್ತೆ. ಕೆಲಸ ಕೊಟ್ಟ ಎರಡು ವರ್ಷಕ್ಕೆ ಯಾವನೋ ಮೂಗರ್ಜಿ ಬರೆದ ಅಂದ್ರೆ ಆಕೆಯ ಕೆಲಸ ಹೋಗುತ್ತೆ. ನಾನು ಬರಿಯಲ್ಲ."

"ಮತ್ತೇನು ಮಾಡ್ತೀಯ?"

"ಆಕೆ ಬಂದದ್ದು ನಿಜ ಸಾರ್. ನಿಜವನ್ನೇ ಕಳಿಸೋಣ. ಅರ್ಜಿಗೆ ಇವತ್ತಿನ ನಂಬರ್ ಹಾಕ್ತೀನಿ. ಜೊತೆಗೆ ಈ ಎರಡು ಹೇಳಿಕೆಗೂ ನಂಬರ್ ಹಾಕ್ತೀನಿ. ವರ್ಷದೊಳಗೆ ಅರ್ಜಿ ತಂದಿದ್ರು, ಆಫೀಸು ತಗೊಳ್ಳಲಿಲ್ಲ, ತಪ್ಪು ಆಫೀಸಿಂದು ಅಂತ ನೋಟ್ ಬರೀರಿ."

ಅವರು ಈಗ ನನ್ನ ಹೇಳಿಕೆ ಓದಿದರು. "ಇದನ್ನ ಕಳಿಸಿದ್ರೆ ನಿನಗೆ ಕಾರಣ ಕೇಳಿ ನೋಟೀಸ್ ಬರುತ್ತೆ."

"ಬರ್ಲಿ ಸಾರ್."

"ಗೌಪ್ಯ ವರದಿಯಲ್ಲಿ ಕೂರುತ್ತೆ."

"ಕೂರ್ಲಿ."

ಹೀಗೆ ಹೇಳಿದಾಗ ನನಗೇನೂ ಧೈರ್ಯ ಉಕ್ಕಿ ಬಂದಿರಲಿಲ್ಲ. ಆದರೆ ಹಿಂದೆ ಹೋಗಲ್ಲ ಅಂತ ಗಟ್ಟಿಯಾಗಿತ್ತು. ಸಾರು ಕಡತಕ್ಕೆ ಹಾಳೆ ಸೇರಿಸಿಕೊಂಡು ನೋಟ್ ಬರೆಯಕ್ಕೆ ಶುರು ಮಾಡಿದರು. ಖಾಲಿ ನಂಬರು ಇರಲಿ ಅಂದಿದ್ದ ಮನುಷ್ಯ ಬರೆದ ಆ ನೋಟು ನಾನು ನೋಡಿದ ನೋಟುಗಳಲ್ಲೆಲ್ಲಾ ಚೊಕ್ಕ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಸಾಹೇಬರ ರುಜು ಬಿದ್ದು ಕಡತ ಆ ವಾರವೇ ಹೆಡ್ ಆಫೀಸಿಗೆ ಹೋಯಿತು.

ಹೊರಗೆ ಆಕೆ ಬೆಂಚಿನ ಮೇಲೆ ಕಾಯ್ತಿದ್ದರು. ನನ್ನ ಹೇಳಿಕೆಯಲ್ಲಿ ಬರೆದದ್ದನ್ನ ಆಕೆಗೂ ಓದಿ ಹೇಳಿದೆ. ಹೇಳಲೇಬೇಕು ಅನ್ನಿಸಿತು. ತಪ್ಪಾಯ್ತು ಅಂದೆ.

ಆಕೆ ಎಲ್ಲಾ ಕೇಳಿಸಿಕೊಂಡರು. "ಅವತ್ತು ತಗೊಳಕ್ಕೆ ಬರಲ್ಲ ಅಂದ್ರಲ್ಲ ಮೇಡಂ" ಅಂದರು. "ತಗೊಳಕ್ಕೆ ಬರ್ತಿತ್ತಾ?"

"ಬರ್ತಿತ್ತು."

ಆಕೆ ಸೆರಗು ಸರಿ ಮಾಡಿಕೊಂಡು ಬಸ್ ಸ್ಟಾಪಿನ ಕಡೆ ಹೋದರು. ಪರವಾಗಿಲ್ಲ ಅಂತ ಒಂದು ಮಾತು ಬರುತ್ತೇನೋ ಅಂತ ನಾನು ಕಾಯ್ತಿದ್ದೆ. ಬರಲಿಲ್ಲ, ಬರಬೇಕಾಗೂ ಇರಲಿಲ್ಲ.

ಹೆಡ್ ಆಫೀಸು ರಿಜಿಸ್ಟರು ತರಿಸಿಕೊಂಡಿತು. ದಿನದಿನದ ಕೆಂಪು ಗೆರೆ ನೋಡಿದ ಅಲ್ಲಿಯ ಅಧಿಕಾರಿ, ಇಷ್ಟು ಶಿಸ್ತಾಗಿರೋ ರಿಜಿಸ್ಟರಿನವಳು ತನ್ನ ಮೇಲೇ ತಪ್ಪು ಹೊತ್ತುಕೊಂಡು ಸುಳ್ಳು ಯಾಕೆ ಬರೀತಾಳೆ ಅಂದರಂತೆ. ಇದು ಸೂಪರಿಂಟೆಂಡೆಂಟ್ ಸಾರು ಆಮೇಲೆ ಹೇಳಿದ್ದು. ನನಗೆ ಕಾರಣ ಕೇಳಿ ನೋಟೀಸ್ ಬಂತು. ನನ್ನ ಉತ್ತರ ಒಂದೇ ಸಾಲು, ತಪ್ಪು ನನ್ನದು ಅಂತ. ಎಚ್ಚರಿಕೆ ಪತ್ರ ಬಂತು, ಪ್ರಥಮ ದರ್ಜೆಯ ಪಟ್ಟಿ ಬಂದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಸರ್ವೀಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವನೊಬ್ಬ ಮೇಲೆ ಹೋದ. ಯಜಮಾನ್ರಿಗೆ ವಿವರಣೆ ಕೇಳಿ ಬಿಟ್ಟರು. ಸಿಟ್ಟು ಬರಲಿಲ್ಲವಾ ಅಂದರೆ ಬಂತು. ಆದರೆ ಬರೆದದ್ದಕ್ಕೆ ಯಾವತ್ತೂ ಪಶ್ಚಾತ್ತಾಪ ಪಡಲಿಲ್ಲ. ಎಂಎ ಪರೀಕ್ಷೆಯಲ್ಲಿ ಆ ಪ್ರಶ್ನೆಯೇ ಬಂದಿತ್ತು, ನಿಜವಾದ ಕಚೇರಿಗಳು ಮಾದರಿಯಿಂದ ಯಾಕೆ ದೂರ ಸರಿಯುತ್ತವೆ ಅಂತ. ಆರು ಪುಟ ಬರೆದೆ. ನನ್ನ ವಿಷಯ ಒಂದೂ ಬರೆಯಲಿಲ್ಲ.

ಆದೇಶ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಜವಾನ ಹುದ್ದೆ, ನಮ್ಮ ಆಫೀಸಿಗೇ. ಆ ಆದೇಶಕ್ಕೆ ಇನ್‌ವರ್ಡ್ ನಂಬರು ಹಾಕಿದವಳು ನಾನೇ.

ಮಾರನೇ ವಾರ ಆಕೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದರು. ತೊಳೆದ ನೂಲಿನ ಸೀರೆ, ಬೆರಳು ಎಷ್ಟು ಉಜ್ಜಿದ್ದರೂ ಉಗುರಿನ ಸಂದಿಯಲ್ಲಿ ಕಪ್ಪು ಉಳಿದಿತ್ತು. ಕೆಲಸಕ್ಕೆ ಹಾಜರಾದೆ ಅಂತ ಒಂದು ವರದಿ ಕೊಡಬೇಕು, ಅದನ್ನ ಬರೆದು ತಂದಿದ್ದರು. ನನಗೆ ಮನಸ್ಸು ತುಂಬಿ ಬಂದಿತ್ತು. ಕೈ ಚಾಚಿ, "ಕೊಡಿ ಅಮ್ಮಾ, ನೀವು ಒಳಗೆ ಹೋಗಿ ಕೂತ್ಕೊಳಿ. ನಾನು ನೋಡ್ಕೊತೀನಿ" ಅಂದೆ.

ಆಕೆ ಕಾಗದ ಬಿಡಲಿಲ್ಲ. ಒಂದು ತುದಿ ನನ್ನ ಕೈಯಲ್ಲಿ, ಒಂದು ತುದಿ ಅವರ ಕೈಯಲ್ಲಿ.

"ಬೇಡ ಮೇಡಂ. ನಂಬರ್ ಹಾಕಿ. ಸೀಲ್ ಹೊಡೀರಿ. ನನಗೊಂದು ಕಾಪಿ ಕೊಡಿ." ಕೆಳಗೆ ಕಾರ್ಬನ್ ಪ್ರತಿ ಇಟ್ಟುಕೊಂಡೇ ಬಂದಿದ್ದರು.

ನಾನು ರಿಜಿಸ್ಟರು ತೆಗೆದೆ. ಆವತ್ತಿನ ಮೊದಲನೇ ನಂಬರು. ಎರಡು ಪ್ರತಿಗೂ ಸೀಲು ಒತ್ತಿ, ತಾರೀಖು ಹಾಕಿ, ಸಹಿ ಮಾಡಿ ಒಂದನ್ನ ಕೊಟ್ಟೆ. ಆಕೆ ಅವಸರ ಮಾಡಲಿಲ್ಲ. ಕೌಂಟರಿನ ಮೇಲೆ ಬಗ್ಗಿ, ತಲೆ ವಾಲಿಸಿ, ರಿಜಿಸ್ಟರಿನ ನಂಬರಿಗೂ ತಮ್ಮ ಕಾಗದದ ನಂಬರಿಗೂ ಬೆರಳಿಟ್ಟು ಒಂದೊಂದೇ ಅಂಕಿ ಹೊಂದಿಸಿ ನೋಡಿದರು. ಸರಿ ಇದೆ ಅಂತ ಗೊತ್ತಾದ ಮೇಲೆ ನಾಲ್ಕಾಗಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡರು.

"ಈಗ ನೀವು ನೋಡ್ಕೊಂಡ್ರೂ ಸರಿ, ನೋಡ್ಕೊಳ್ದೆ ಇದ್ರೂ ಸರಿ ಮೇಡಂ" ಅಂದು ಒಳಗೆ ಹೋದರು.